ಒಂದೇ ಹಾಳೆಯಲ್ಲಿ ಮನೆಯ ಹೂಡಿಕೆ ನಿಯಮ

ಉಡುಪಿ, ಮಂಗಳೂರು ಕಡೆಯ ನಡುವಯಸ್ಸಿನ ಮನೆಯೊಂದರ ದುಡ್ಡು ಎಲ್ಲೆಲ್ಲಿ ಇದೆ ಅಂತ ಪಟ್ಟಿ ಮಾಡಲು ಹೊರಟರೆ ಒಂದು ಸಂಜೆ ಸಾಕಾಗುವುದಿಲ್ಲ. ಬ್ಯಾಂಕಿನಲ್ಲಿ ನಾಲ್ಕೈದು ಎಫ್‌ಡಿ. ಪರಿಚಯದವರು ಕೇಳಿದರು ಅಂತ ಸೊಸೈಟಿಯಲ್ಲಿ ಇಟ್ಟ ಠೇವಣಿ. ಅಪ್ಪ ಕೊಟ್ಟುಹೋದ ಬ್ಯಾಂಕ್ ಷೇರು. ಯಾರೋ ಹೇಳಿದರು ಅಂತ ಶುರು ಮಾಡಿದ ಎರಡು ಎಸ್‌ಐಪಿ. ಒಂದೊಂದೂ ಒಂದೊಂದು ಕಾಲದಲ್ಲಿ, ಒಂದೊಂದು ಕಾರಣಕ್ಕೆ ಸೇರಿಕೊಂಡದ್ದು. ಒಟ್ಟು ಎಷ್ಟು, ಅದರಲ್ಲಿ ಷೇರು ಪೇಟೆಯಲ್ಲಿ ಎಷ್ಟು ಅಂತ ಕೇಳಿದರೆ ಗಂಡನ ಉತ್ತರ ಒಂದು, ಹೆಂಡತಿಯದ್ದು ಇನ್ನೊಂದು.

ದೊಡ್ಡ ಪೆನ್ಷನ್ ಫಂಡ್‌ಗಳು ಮತ್ತು ಟ್ರಸ್ಟ್‌ಗಳು ಹಣ ಹೂಡುವ ಮೊದಲೇ ಒಂದು ಬರಹ ಮಾಡಿಟ್ಟುಕೊಳ್ಳುತ್ತವೆ. ಯಾವುದರಲ್ಲಿ ಎಷ್ಟು ಭಾಗ, ಯಾವಾಗ ಬದಲಾಯಿಸಬಹುದು, ಯಾವುದಕ್ಕೆ ತಲೆ ಕೆಡಿಸಿಕೊಳ್ಳಬಾರದು, ಎಲ್ಲವೂ ಅದರಲ್ಲಿ ಇರುತ್ತದೆ. ಮನೆಗೂ ಅದೇ ಸಾಕು, ಒಂದು ಹಾಳೆಯಷ್ಟು. ಹೆಚ್ಚಿನವರು ಮೊದಲ ಭಾಗ ಮಾತ್ರ ಬರೆಯುತ್ತಾರೆ, ಅಂದರೆ "ಷೇರು ಇಷ್ಟು, ಎಫ್‌ಡಿ ಇಷ್ಟು" ಅಂತ. ನನ್ನ ಪ್ರಕಾರ ಹಾಳೆಯ ಜೀವ ಇರುವುದು ಎರಡನೇ ಭಾಗದಲ್ಲಿ, ಬದಲಾವಣೆಯ ನಿಯಮದಲ್ಲಿ. ಅದು ಇಲ್ಲದಿದ್ದರೆ ಪೇಟೆ ಬಿದ್ದ ವಾರವೇ ಮೊದಲ ಭಾಗಕ್ಕೆ ಬೆಲೆ ಇರುವುದಿಲ್ಲ.

ಒಂದು ಮನೆಯ ಲೆಕ್ಕ ಹಿಡಿದುಕೊಂಡು ಹೋಗೋಣ. ಕಲ್ಪಿಸಿಕೊಂಡ ಮನೆಯೇ, ಆದರೆ ಇಂಥ ಮನೆಗಳು ಇಲ್ಲಿ ಬೀದಿಗೆ ಎರಡು ಸಿಗುತ್ತವೆ. ಗಂಡನಿಗೆ 44, ಉಡುಪಿಯಲ್ಲಿ ಬಿಡಿಭಾಗಗಳ ಅಂಗಡಿ. ಹೆಂಡತಿಗೆ 41, ಕಾಲೇಜಿನಲ್ಲಿ ಉಪನ್ಯಾಸಕಿ. ಮಗಳು ಏಳನೇ ತರಗತಿ. ಎಲ್ಲ ಸೇರಿಸಿದರೆ 50 ಲಕ್ಷ: ಬ್ಯಾಂಕ್ ಎಫ್‌ಡಿ 16, ಸೊಸೈಟಿ ಠೇವಣಿ 5, ಉಳಿತಾಯ ಖಾತೆ 2, ಪಿಪಿಎಫ್ 7, ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಇಂಡೆಕ್ಸ್ ಫಂಡ್ 12, ಊರಿನ ಒಂದು ಬ್ಯಾಂಕಿನ ಷೇರು 5, ಚಿನ್ನದ ಇಟಿಎಫ್ 3. ಮನೆ, ಒಡವೆ, ಅಂಗಡಿ, ಊರಿನ ತೋಟ ಲೆಕ್ಕಕ್ಕೆ ಇಲ್ಲ. ಪೇಟೆ ಬಿತ್ತು ಅಂತ ಯಾರೂ ತೋಟದ ಒಂದು ಮೂಲೆ ಮಾರಿ ಷೇರು ಕೊಳ್ಳುವುದಿಲ್ಲ, ಅಲ್ವಾ? ಮಾರದ ಆಸ್ತಿಯನ್ನು ಹಾಳೆಗೆ ಸೇರಿಸಿದರೆ ಶೇಕಡಾವಾರು ಲೆಕ್ಕವೆಲ್ಲ ಸುಮ್ನೆ.

ಮೊದಲ ಕೆಲಸ ಹಂಚುವುದಲ್ಲ, ತೆಗೆದಿಡುವುದು. ಆರು ತಿಂಗಳ ಖರ್ಚಿಗೆ 4 ಲಕ್ಷ, ಮಗಳ ಕಾಲೇಜಿಗೆ 6 ಲಕ್ಷ, ಎರಡೂ ಎಫ್‌ಡಿ ಮತ್ತು ಉಳಿತಾಯ ಖಾತೆಯಲ್ಲಿ. ಈ 10 ಲಕ್ಷಕ್ಕೆ ಹಾಳೆಯ ಬೇರೆ ಯಾವ ನಿಯಮವೂ ಅನ್ವಯಿಸುವುದಿಲ್ಲ. ಅಂಗಡಿ ಇರುವವರಿಗೆ ಇದು ಸಂಬಳದವರಿಗಿಂತ ಜಾಸ್ತಿ ಮುಖ್ಯ. 2020ರ ಮಾರ್ಚ್‌ನಲ್ಲಿ ಪೇಟೆ ಬಿದ್ದದ್ದೂ ಅಂಗಡಿಯ ಬಾಗಿಲು ಮುಚ್ಚಿದ್ದೂ ಒಂದೇ ವಾರ. ಕೆಟ್ಟ ಕಾಲದಲ್ಲಿ ಎರಡು ಕಡೆಯಿಂದಲೂ ಒಟ್ಟಿಗೇ ಪೆಟ್ಟು ಬೀಳುತ್ತದೆ.

ಉಳಿದದ್ದು 40 ಲಕ್ಷ. ಹತ್ತು ಹದಿನೈದು ವರ್ಷ ಮುಟ್ಟದ ದುಡ್ಡು ಇದು. ಸದ್ಯಕ್ಕೆ ಇದರಲ್ಲಿ ಷೇರಿನ ಪಾಲು 17 ಲಕ್ಷ, ಎಫ್‌ಡಿ ಮತ್ತು ಪಿಪಿಎಫ್ ಸೇರಿ 20 ಲಕ್ಷ, ಚಿನ್ನ 3 ಲಕ್ಷ.

ಷೇರಿಗೆ ಎಷ್ಟು ಅನ್ನುವುದನ್ನು ಶೇಕಡಾ ಲೆಕ್ಕದಲ್ಲಿ ಕೇಳಿದರೆ ಎಲ್ಲರೂ ಧೈರ್ಯವಂತರೇ. ರೂಪಾಯಿಯಲ್ಲಿ ಕೇಳಬೇಕು. ಸೆನ್ಸೆಕ್ಸ್ 2008ರ ಜನವರಿಯಲ್ಲಿ 21,000 ಮುಟ್ಟಿತ್ತು. ಅದೇ ವರ್ಷದ ಅಕ್ಟೋಬರ್ ಕೊನೆಗೆ 8,500ರ ಆಸುಪಾಸಿಗೆ ಬಂದಿತ್ತು. ಅಂದರೆ ನೂರು ರೂಪಾಯಿ ನಲವತ್ತಾಯಿತು. ನಮ್ಮ ಗಂಡನಿಗೆ ಷೇರು 70 ಇರಲಿ ಅಂತ ಆಸೆ. 40 ಲಕ್ಷದ 70 ಅಂದರೆ 28 ಲಕ್ಷ, 2008ರಂಥ ವರ್ಷ ಬಂದರೆ ಅದರಲ್ಲಿ ಸುಮಾರು 17 ಲಕ್ಷ ಕಾಣಿಸುವುದಿಲ್ಲ.

"ಹದಿನೇಳು ಲಕ್ಷ ಹೋದ್ರೆ ಎಂತ ಮಾಡುದು? ನೀವು ರಾತ್ರಿ ನಿದ್ದೆ ಮಾಡ್ತೀರಾ?" ಅಂತ ಹೆಂಡತಿ ಕೇಳುತ್ತಾಳೆ.

"ಹೋಗುದಲ್ಲ ಮಾರಾಯ್ತಿ, ಮತ್ತೆ ಬರ್ತದೆ."

"ಬರುವವರೆಗೆ ಸುಮ್ಮನೆ ಕೂತ್ಕೊಳ್ಳಲಿಕ್ಕೆ ಆಗ್ತದಾ ಅಂತ ಕೇಳಿದ್ದು."

ಕೇಳಬೇಕಾದ ಪ್ರಶ್ನೆಯೇ ಇದು. ಷೇರು 50 ಆದರೆ 20 ಲಕ್ಷ. ಅಂಥದ್ದೇ ವರ್ಷದಲ್ಲಿ ಹೋಗುವುದು 12 ಲಕ್ಷ. ಇಬ್ಬರೂ ಮುಖ ಹುಳಿ ಮಾಡಿಕೊಂಡರೂ ತಡೆದುಕೊಳ್ಳಬಹುದು ಅನ್ನುವ ಜಾಗ ಅದು. ಒಪ್ಪಂದ ಆಗುವುದು ಇಬ್ಬರಲ್ಲಿ ಹೆಚ್ಚು ಹೆದರುವವರ ಮಟ್ಟದಲ್ಲಿ. ಯಾಕೆಂದರೆ ಬಿದ್ದಾಗ "ಮಾರಿಬಿಡಿ" ಅನ್ನುವುದು ಅವರೇ. ಹೀಗೆ ಹಂಚಿಕೆ ನಿರ್ಧಾರವಾಯಿತು: ಷೇರು 50, ಎಫ್‌ಡಿ-ಪಿಪಿಎಫ್ 40, ಚಿನ್ನ 10. ಅಂದರೆ 20, 16, 4 ಲಕ್ಷ. ಈಗಿನ 17ರಿಂದ 20ಕ್ಕೆ ಒಮ್ಮೆಲೇ ಹಾರಬೇಕಾಗಿಲ್ಲ. ಎಫ್‌ಡಿಗಳು ಅವಧಿ ಮುಗಿದ ಹಾಗೆ ತಿಂಗಳಿಗೆ 25,000ದಂತೆ ಒಂದು ವರ್ಷದಲ್ಲಿ ದಾಟಿಸಿದರೆ ಸಾಕು.

ಇನ್ನು ಊರಿನ ಬ್ಯಾಂಕ್ ಷೇರಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಕರಾವಳಿಯ ಮನೆಗಳಲ್ಲಿ ಲೆಕ್ಕ ಎಡವುವುದು ಇಲ್ಲೇ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕ್‌ಗಳು ಒಂದೆರಡಲ್ಲ. ಕೆನರಾ ಮತ್ತು ಕಾರ್ಪೊರೇಷನ್ ಎರಡೂ 1906ರವು. ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ಮನೆಯಲ್ಲಿ ಒಬ್ಬರಾದರೂ ಇವುಗಳಲ್ಲಿ ಕೆಲಸಕ್ಕೆ ಇದ್ದವರು, ಪಿಗ್ಮಿ ಕಟ್ಟಿದವರು, ಷೇರು ಕೊಂಡವರು. ಹಾಗಾಗಿ ಆ ಷೇರು ಹೂಡಿಕೆ ಅಂತ ಯಾರಿಗೂ ಅನಿಸುವುದಿಲ್ಲ, ಮನೆಯ ಸಾಮಾನಿನ ಹಾಗೆ ಅನಿಸುತ್ತದೆ. ಆದರೆ 2019ರ ಏಪ್ರಿಲ್‌ನಲ್ಲಿ ವಿಜಯಾ, ಮುಂದಿನ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬ್ಯಾಂಕ್‌ಗಳಲ್ಲಿ ಸೇರಿಹೋದವು. ಸಿಂಡಿಕೇಟ್‌ನ 1,000 ಷೇರು ಇದ್ದವರ ಕೈಗೆ ಕೆನರಾ ಬ್ಯಾಂಕಿನ 158 ಷೇರು ಬಂತು. ಬ್ಯಾಂಕ್ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಒಂದೇ ಕಂಪನಿಯ ಮೇಲೆ ಎಷ್ಟು ಭಾರ ಹಾಕಿದ್ದೇವೆ ಅನ್ನುವುದು ಪ್ರಶ್ನೆ.

ನಮ್ಮ ಮನೆಯ ಲೆಕ್ಕದಲ್ಲಿ 20 ಲಕ್ಷದ ಷೇರು ಪಾಲಿನಲ್ಲಿ 5 ಲಕ್ಷ, ಅಂದರೆ ಕಾಲು ಭಾಗ, ಒಂದೇ ಬ್ಯಾಂಕು. ಹಾಳೆಯ ನಿಯಮ: ಯಾವ ಒಂದು ಕಂಪನಿಯೂ ಷೇರು ಪಾಲಿನ ಹತ್ತನೇ ಒಂದು ಭಾಗ ದಾಟಬಾರದು. ಹಾಗಾಗಿ 2 ಲಕ್ಷ ಉಳಿಸಿಕೊಂಡು 3 ಲಕ್ಷವನ್ನು ಮೂರು ವರ್ಷದಲ್ಲಿ ಮಾರಿ ಇಂಡೆಕ್ಸ್ ಫಂಡಿಗೆ ಹಾಕುವುದು. ಮೂರು ವರ್ಷ ಯಾಕೆ ಅಂದರೆ ತೆರಿಗೆ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಷೇರು ಮತ್ತು ಷೇರು ಫಂಡಿನ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರಾಚೆಗೆ ಶೇಕಡಾ 12.5. ವರ್ಷಕ್ಕೆ ಒಂದು ಲಕ್ಷದ ಷೇರು ಮಾರಿದರೆ ಲಾಭ ಆ ಮಿತಿಯೊಳಗೇ ಉಳಿಯುತ್ತದೆ. ಕಾಗದದ ಸರ್ಟಿಫಿಕೇಟ್ ಇದ್ದವರು ಮೊದಲು ಡಿಮ್ಯಾಟ್ ಮಾಡಿಸಬೇಕು. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಮಾರಿ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು ಬರುವುದಿಲ್ಲ.

ಸೊಸೈಟಿ ಠೇವಣಿಗೂ ಒಂದು ಸಾಲು ಬೇಕು. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ಸಹಕಾರಿ ಬ್ಯಾಂಕ್‌ಗಳಿಗೂ ಇದೆ. ಆದರೆ ಸಾಲ ಕೊಡುವ ಸಹಕಾರಿ ಸಂಘಗಳಿಗೆ ಇಲ್ಲ. ಬೋರ್ಡು ಒಂದೇ ಥರ ಕಾಣುತ್ತದೆ, ಒಳಗಿನ ಕೌಂಟರೂ ಹಾಗೆಯೇ. ಬಡ್ಡಿ ಒಂದು ಒಂದೂವರೆ ಜಾಸ್ತಿ ಕೊಡುವುದು ಆ ವಿಮೆ ಇಲ್ಲದ್ದಕ್ಕೆ ಅಂತ ತಿಳಿದುಕೊಳ್ಳಬೇಕು. ಮಿತಿ 2 ಲಕ್ಷ ಅಂತ ಬರೆದು, ಅವಧಿ ಮುಗಿದಾಗ ಉಳಿದದ್ದನ್ನು ತೆಗೆಯುವುದು.

ಈಗ ಬದಲಾವಣೆಯ ನಿಯಮ. ಷೇರಿನ ಪಾಲು 50 ಅಂತ ಬರೆದರೂ ಅದು 50ರಲ್ಲೇ ನಿಲ್ಲುವುದಿಲ್ಲ. ಪೇಟೆ ಏರಿದರೆ 53, ಇಳಿದರೆ 48. ಪ್ರತಿ ಸಲ ಸರಿ ಮಾಡಲು ಹೊರಟರೆ ವರ್ಷವಿಡೀ ಕೊಳ್ಳುವುದು ಮಾರುವುದೇ ಆಗುತ್ತದೆ, ತೆರಿಗೆಯೂ ಕಟ್ಟಬೇಕು. ಅದಕ್ಕೆ ಗಡಿ ಇಡುವುದು: 45ರಿಂದ 55. ಒಳಗೆ ಇದ್ದರೆ ಏನೂ ಮಾಡಬೇಡ, ದಾಟಿದರೆ 50ಕ್ಕೆ ತಾ. ನೋಡುವುದು ವರ್ಷಕ್ಕೊಮ್ಮೆ. ಈ ಮನೆಯವರು ಆರಿಸಿಕೊಂಡ ದಿನ ಬಿಸು ಕಳೆದ ಮೊದಲ ಭಾನುವಾರ. ಏಪ್ರಿಲ್ ಮಧ್ಯಕ್ಕೆ ಹೊಸ ಆರ್ಥಿಕ ವರ್ಷ ಶುರುವಾಗಿರುತ್ತದೆ, 1.25 ಲಕ್ಷದ ಲೆಕ್ಕವೂ ಹೊಸದು.

ಈ ಗಡಿ ಎಷ್ಟು ಅಗಲ ಅಂತ ನೋಡಿ. ಉಳಿದ 20 ಲಕ್ಷ ಹಾಗೆಯೇ ಇದ್ದರೆ, ಷೇರಿನ ಪಾಲು 45ಕ್ಕೆ ಇಳಿಯಬೇಕಾದರೆ ಪೇಟೆ ಸುಮಾರು ಶೇಕಡಾ 18 ಬೀಳಬೇಕು. 55ಕ್ಕೆ ಏರಬೇಕಾದರೆ ಸುಮಾರು 22 ಏರಬೇಕು. ಟಿವಿಯಲ್ಲಿ "ರಕ್ತಪಾತ" ಅಂತ ಕೆಂಪು ಅಕ್ಷರದಲ್ಲಿ ಬರುವ ಶೇಕಡಾ 10ರ ಕುಸಿತಕ್ಕೆ ಈ ಹಾಳೆ ಕಣ್ಣೂ ಮಿಟುಕಿಸುವುದಿಲ್ಲ. ಪಾಲು 47 ಚಿಲ್ಲರೆ ಆಗಿರುತ್ತದೆ, ಅಷ್ಟೇ.

2020ನ್ನೇ ಇದರ ಮೇಲೆ ಇಟ್ಟು ನೋಡೋಣ. ಜನವರಿಯಲ್ಲಿ ನಿಫ್ಟಿ 50 ಸೂಚ್ಯಂಕ 12,300ರ ಮೇಲಿತ್ತು. ಮಾರ್ಚ್ 23ರಂದು ಒಂದೇ ದಿನ ಶೇಕಡಾ 13 ಬಿದ್ದು 7,600ರ ಹತ್ತಿರ ನಿಂತಿತು. ಹಾಳೆ ಆ ದಿನ ಏನು ಮಾಡು ಅನ್ನುತ್ತದೆ? ಏನೂ ಇಲ್ಲ, ಅದು ನೋಡುವ ದಿನವಲ್ಲ. ಬಿಸು ಕಳೆದು ಭಾನುವಾರ ಬರುವ ಹೊತ್ತಿಗೆ ಸ್ವಲ್ಪ ಚೇತರಿಸಿ, ಜನವರಿಯ ಎತ್ತರಕ್ಕಿಂತ ಸುಮಾರು ಕಾಲು ಭಾಗ ಕೆಳಗಿತ್ತು. ಹಾಗಾಗಿ 20 ಲಕ್ಷದ ಷೇರು 15 ಲಕ್ಷ. ಚಿನ್ನ ಆಗ ಏರಿತ್ತು, ಆದರೂ ಲೆಕ್ಕ ಸುಲಭವಾಗಲಿ ಅಂತ ಉಳಿದದ್ದು ಇದ್ದ ಹಾಗೆ ಇತ್ತು ಅನ್ನೋಣ. ಒಟ್ಟು 35 ಲಕ್ಷ, ಷೇರಿನ ಪಾಲು 43ರ ಹತ್ತಿರ. ಗಡಿ ದಾಟಿತು. 35ರ ಅರ್ಧ 17.5, ಹಾಗಾಗಿ 2.5 ಲಕ್ಷ ಷೇರಿಗೆ ಹೋಗಬೇಕು: ಎಫ್‌ಡಿಯಿಂದ 2 ಲಕ್ಷ, ಚಿನ್ನದಿಂದ 50,000. ನವೆಂಬರ್‌ಗೆ ನಿಫ್ಟಿ ಜನವರಿಯ ಮಟ್ಟಕ್ಕೆ ಮರಳಿದಾಗ ಆ 2.5 ಲಕ್ಷ ಸುಮಾರು 3.3 ಲಕ್ಷ ಆಗಿರುತ್ತಿತ್ತು.

ಅತಿ ಕೆಳಗಿನ ಬೆಲೆ ಸಿಗಲಿಲ್ಲ, ನಿಯಮ ಅದನ್ನು ಹುಡುಕುವುದೂ ಇಲ್ಲ. ಎಂಬತ್ತು ಸಾವಿರದ ಚಿಲ್ಲರೆ ಲಾಭವೂ ದೊಡ್ಡದಲ್ಲ. ಮಾರ್ಚ್ ಕೊನೆಯಲ್ಲಿ ಇರುವ ಷೇರನ್ನೂ ಮಾರಿ ಎಫ್‌ಡಿಗೆ ಓಡದೆ ಇದ್ದದ್ದೇ ನಿಜವಾದ ಗಳಿಕೆ.

ಇದೇ ನಿಯಮ ಕಹಿಯಾಗುವ ವರ್ಷವೂ ಇದೆ. 2008ರ ಏಪ್ರಿಲ್ ಮಧ್ಯದಲ್ಲಿ ಸೆನ್ಸೆಕ್ಸ್ ಜನವರಿಯ ಎತ್ತರದಿಂದ ಐದನೇ ಒಂದು ಭಾಗ ಇಳಿದಿತ್ತು. ಗಡಿ ದಾಟಿತ್ತು, ಎಫ್‌ಡಿ ಮುರಿದು ಷೇರು ಕೊಳ್ಳು ಅನ್ನುತ್ತಿತ್ತು ಹಾಳೆ. ಕೊಂಡವರ ದುಡ್ಡು ಅಕ್ಟೋಬರ್‌ಗೆ ಮತ್ತೆ ಸುಮಾರು ಅರ್ಧ. ಇದಕ್ಕಾಗಿಯೇ ಎರಡು ತಡೆಗಳು ಬೇಕು. ಒಂದು, ವರ್ಷಕ್ಕೆ ಒಂದೇ ಸಲ ದಾಟಿಸುವುದು, ಬಿದ್ದ ಹಾಗೆಲ್ಲ ಸುರಿಯುವುದಲ್ಲ. ಎರಡು, ನೆಲ. 16 ಲಕ್ಷದಲ್ಲಿ 7 ಲಕ್ಷ ಪಿಪಿಎಫ್, ಅದು ಬೇಕೆಂದಾಗ ಕೈಗೆ ಸಿಗುವುದಿಲ್ಲ. ನಿಜವಾಗಿ ಅಲುಗಾಡುವುದು 9 ಲಕ್ಷ. ಅದು 5 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು ಅಂತ ಬರೆದಿಟ್ಟರೆ ಪೇಟೆ ಎಷ್ಟೇ ಬಿದ್ದರೂ ಮನೆ ಬರಿದಾಗುವುದಿಲ್ಲ.

ಏರಿದಾಗ ಕೆಲಸ ಇನ್ನೂ ಸುಲಭ. ಷೇರು ಶೇಕಡಾ 40 ಏರಿ 20 ಲಕ್ಷ 28 ಆಯಿತು ಅನ್ನಿ. ಒಟ್ಟು 48, ಪಾಲು 58. ಸರಿಪಡಿಸಲು 4 ಲಕ್ಷದ ಷೇರು ಮಾರಬೇಕು. ಆದರೆ ಮಾರುವ ಮೊದಲು ಹೊಸ ದುಡ್ಡನ್ನು ತಿರುಗಿಸಬಹುದು. ಈ ಮನೆಯ ತಿಂಗಳ ಎಸ್‌ಐಪಿ 30,000. ಒಂದು ವರ್ಷ ಅದನ್ನು ಎಫ್‌ಡಿ, ಪಿಪಿಎಫ್ ಕಡೆ ಕಳಿಸಿದರೆ 3.6 ಲಕ್ಷ, ಅಷ್ಟಕ್ಕೇ ಪಾಲು 54ಕ್ಕೆ ಇಳಿದು ಗಡಿಯೊಳಗೆ ಬರುತ್ತದೆ. ಒಂದು ರೂಪಾಯಿ ತೆರಿಗೆ ಇಲ್ಲ. ಹಾಗಾಗಿ ಹಾಳೆಯಲ್ಲಿ ಕ್ರಮ ಹೀಗೆ ಇರಲಿ: ಮೊದಲು ಹೊಸ ದುಡ್ಡು, ಅದು ಸಾಲದಿದ್ದರೆ ಮಾತ್ರ ಮಾರಾಟ. ಹೊಸ ದುಡ್ಡಿನಿಂದ ಸರಿಪಡಿಸುವ ವರ್ಷದಲ್ಲಿ ನಿಖರ 50ಕ್ಕೆ ಬರಬೇಕು ಅಂತಿಲ್ಲ, ಗಡಿಯೊಳಗೆ ಬಂದರೆ ಸಾಕು.

ಇನ್ನೊಂದು ಥರದ ಬದಲಾವಣೆ ಹಾಳೆಯದ್ದೇ. 50 ಅನ್ನುವ ಅಂಕಿಯನ್ನೇ 60 ಮಾಡಬಹುದಾ? ಮಾಡಬಹುದು, ಆದರೆ ಕಾರಣ ಮನೆಯದ್ದಾಗಿರಬೇಕು, ಪೇಟೆಯದ್ದಲ್ಲ. ಅಂಗಡಿ ಮುಚ್ಚಿದ್ದು, ಕಾಯಿಲೆ, ಸಾವು, ಗಲ್ಫಿಗೆ ಹೋಗಿದ್ದು, ಮನೆ ಕೊಂಡದ್ದು, ಇವೆಲ್ಲ ಕಾರಣಗಳೇ. "ಈ ವರ್ಷ ಪೇಟೆ ಚೆನ್ನಾಗಿ ಓಡ್ತಾ ಉಂಟು" ಕಾರಣವಲ್ಲ. ಕಾರಣವನ್ನು ಬರೆದು, ತಿಂಗಳು ಕಾದು, ಆಮೇಲೂ ಸರಿ ಅನಿಸಿದರೆ ಇಬ್ಬರೂ ಸಹಿ ಹಾಕುವುದು. ವಯಸ್ಸಿನ ಇಳಿಕೆಯನ್ನು ಮಾತ್ರ ಈಗಲೇ ಬರೆದಿಡುವುದು ಒಳ್ಳೆಯದು: ಗಂಡನಿಗೆ 50 ಆದ ಮೇಲೆ ವರ್ಷಕ್ಕೆ ಎರಡರಂತೆ ಷೇರಿನ ಪಾಲು ಇಳಿಸಿ, 60ಕ್ಕೆ 30.

ಕೊನೆಯ ಭಾಗ, ಕಿವಿಗೆ ಹಾಕಿಕೊಳ್ಳಬಾರದ್ದು. ಇಲ್ಲಿ "ಗದ್ದಲ ಕೇಳಬೇಡ" ಅಂತ ಬರೆದರೆ ಪ್ರಯೋಜನ ಇಲ್ಲ, ಹೆಸರು ಹಿಡಿದು ಬರೆಯಬೇಕು. ದಿನದ ಸೆನ್ಸೆಕ್ಸ್. ಚುನಾವಣೆಯ ಫಲಿತಾಂಶ: 2024ರ ಜೂನ್ 4ರಂದು ನಿಫ್ಟಿ ಶೇಕಡಾ 6ರ ಹತ್ತಿರ ಬಿತ್ತು, ಅದೇ ವಾರ ಮುಗಿಯುವುದರೊಳಗೆ ವಾಪಸು ಬಂತು. "ಹತ್ತೇ ರೂಪಾಯಿಗೆ" ಅಂತ ಬರುವ ಹೊಸ ಫಂಡ್: ಯೂನಿಟ್ ಬೆಲೆ ಹತ್ತಾದರೂ ಐನೂರಾದರೂ ಒಳಗಿನ ಷೇರುಗಳು ಶೇಕಡಾ 10 ಏರಿದರೆ ನಿಮ್ಮ ದುಡ್ಡು ಏರುವುದು ಅಷ್ಟೇ. ಹೋದ ವರ್ಷದ ನಂಬರ್ ಒನ್ ಫಂಡ್. ಭಾವನ ಲಾಭ, ಯಾಕೆಂದರೆ ನಷ್ಟದ ಸುದ್ದಿ ಭಾವ ಹೇಳುವುದಿಲ್ಲ. ಎಫ್‌ಡಿ ನವೀಕರಿಸಲು ಹೋದಾಗ ಕೌಂಟರ್‌ನಲ್ಲಿ ತೋರಿಸುವ ವಿಮೆ-ಹೂಡಿಕೆ ಸೇರಿದ ಪಾಲಿಸಿ. ಇದೊಂದಕ್ಕೆ ಮಾತ್ರ ಉತ್ತರವನ್ನೂ ಬರೆದಿಟ್ಟುಕೊಳ್ಳಿ: "ಮನೆಯಲ್ಲಿ ಬರೆದ ನಿಯಮ ಉಂಟು, ಹೊಸದು ಏನೇ ಇದ್ದರೂ ಒಂದು ತಿಂಗಳು ಬಿಟ್ಟು." ಪರಿಚಯದವರಿಗೆ ಮುಖ ಮುರಿದ ಹಾಗೂ ಆಗುವುದಿಲ್ಲ.

ಆದರೆ ಕೆಲವು ಸುದ್ದಿ ಓದಲೇಬೇಕು. ಬಜೆಟ್ ದಿನದ ಚರ್ಚೆ ಬೇಡ, ಮರುದಿನ ತೆರಿಗೆಯ ಸಾಲುಗಳು ಬೇಕು. 2024ರ ಜುಲೈ 23ರಂದು ಷೇರು ಲಾಭದ ತೆರಿಗೆ 10ರಿಂದ 12.5 ಆಯಿತು, ವಿನಾಯಿತಿ 1 ಲಕ್ಷದಿಂದ 1.25 ಲಕ್ಷ. ಅದಕ್ಕೂ ಮೊದಲು, 2023ರ ಏಪ್ರಿಲ್‌ನಿಂದ ಕೊಂಡ ಸಾಲಪತ್ರ ಫಂಡ್‌ಗಳ ಲಾಭವನ್ನು ಆದಾಯದ ಜೊತೆ ಸೇರಿಸಿ ತೆರಿಗೆ ಹಾಕುವಂತಾಯಿತು. ಇಂಥವು ಹಾಳೆಯ ಮಾರಾಟದ ಕ್ರಮವನ್ನು ಮುಟ್ಟುತ್ತವೆ. ಫಂಡ್ ತನ್ನ ಮೂಲ ಸ್ವರೂಪ ಬದಲಿಸುತ್ತೇನೆ ಅಂತ ಕಳಿಸುವ ಪತ್ರವನ್ನೂ ಕಸಕ್ಕೆ ಹಾಕಬಾರದು. ಆಗ ದಂಡವಿಲ್ಲದೆ ಹೊರಬರಲು ಕೆಲವು ದಿನಗಳ ಅವಕಾಶ ಕೊಡುತ್ತಾರೆ.

ಎಲ್ಲ ಸೇರಿ ಹಾಳೆ ಇಷ್ಟೇ:

> ಬದಿಗೆ: ತುರ್ತಿಗೆ 4 ಲಕ್ಷ, ಮಗಳ ಕಾಲೇಜಿಗೆ 6 ಲಕ್ಷ. ಮುಟ್ಟುವುದಿಲ್ಲ.
>
> ಉಳಿದದ್ದು: ಷೇರು 50, ಎಫ್‌ಡಿ-ಪಿಪಿಎಫ್ 40, ಚಿನ್ನ 10. ಒಂದು ಕಂಪನಿ ಷೇರು ಪಾಲಿನ ಹತ್ತನೇ ಒಂದು ಭಾಗ ಮೀರುವುದಿಲ್ಲ. ಸೊಸೈಟಿಯಲ್ಲಿ 2 ಲಕ್ಷಕ್ಕಿಂತ ಹೆಚ್ಚಿಲ್ಲ.
>
> ನೋಡುವ ದಿನ: ಬಿಸು ಕಳೆದ ಮೊದಲ ಭಾನುವಾರ. ಷೇರು 45–55ರ ಒಳಗಿದ್ದರೆ ಏನೂ ಇಲ್ಲ. ಹೊರಗಿದ್ದರೆ ಮೊದಲು ಹೊಸ ದುಡ್ಡು, ಆಮೇಲೆ ಮಾರಾಟ. ಪಿಪಿಎಫ್ ಬಿಟ್ಟು ಎಫ್‌ಡಿ 5 ಲಕ್ಷಕ್ಕಿಂತ ಕೆಳಗಿಲ್ಲ.
>
> ಅಂಕಿ ಬದಲು: ಮನೆಯ ಕಾರಣಕ್ಕೆ ಮಾತ್ರ, ಬರೆದು 30 ದಿನ ಕಾದು, ಇಬ್ಬರ ಸಹಿ. 50 ವರ್ಷದ ನಂತರ ಷೇರು ವರ್ಷಕ್ಕೆ 2 ಇಳಿಕೆ, 30ರವರೆಗೆ.
>
> ಕೇಳುವುದಿಲ್ಲ: ದಿನದ ಸೂಚ್ಯಂಕ, ಚುನಾವಣೆ, ಹೊಸ ಫಂಡ್, ಫಂಡ್ ರ‍್ಯಾಂಕು, ನೆಂಟರ ಲಾಭ, ಕೌಂಟರ್ ಪಾಲಿಸಿ.
>
> ಖಾತೆಗಳು, ನಾಮಿನಿ: ಹಿಂಬದಿಯಲ್ಲಿ.

ಹಿಂಬದಿಯ ಪಟ್ಟಿಯಲ್ಲಿ ಖಾತೆ ಎಲ್ಲಿದೆ, ನಾಮಿನಿ ಯಾರು ಅಂತ ಸಾಕು. ಪಾಸ್‌ವರ್ಡ್ ಅಲ್ಲಿ ಬೇಡ. ಗಂಡ ಆಸ್ಪತ್ರೆಯಲ್ಲಿದ್ದರೂ ಹೆಂಡತಿ ಇದನ್ನು ಹಿಡಿದು ಏಪ್ರಿಲ್ ಕೆಲಸ ಮುಗಿಸುವಂತಿರಬೇಕು. ಒಂದು ಸಾಲು ಓದಿ "ಇದು ಎಂತದ್ದು?" ಅಂತ ಆಕೆ ಕೇಳಿದರೆ ಆ ಸಾಲನ್ನು ಮತ್ತೆ ಬರೆಯಬೇಕು.

ಏಪ್ರಿಲ್‌ನ ಆ ಭಾನುವಾರಕ್ಕೆ ಬೇಕಾದದ್ದು ಮೂರು: ಡಿಮ್ಯಾಟ್ ಷೇರುಗಳ ದಾಖಲೆ ಇಟ್ಟುಕೊಳ್ಳುವ ಡಿಪಾಸಿಟರಿ ಇಮೇಲ್‌ನಲ್ಲಿ ಕಳಿಸುವ ಷೇರು-ಫಂಡ್‌ಗಳ ಒಟ್ಟು ಸ್ಟೇಟ್‌ಮೆಂಟ್, ಎಫ್‌ಡಿಗಳ ಪಟ್ಟಿ, ಪಿಪಿಎಫ್ ಪಾಸ್‌ಬುಕ್. ಸ್ಟೇಟ್‌ಮೆಂಟಿನಲ್ಲಿ ಹಾಳೆಯಲ್ಲಿಲ್ಲದ ಫಂಡ್ ಒಂದು ಹೊಸದಾಗಿ ಕಂಡರೆ, ಅಥವಾ ಎಸ್‌ಐಪಿ ಎರಡು ತಿಂಗಳು ನಿಂತು ಮತ್ತೆ ಶುರುವಾಗಿದ್ದರೆ, ಮನೆಯಲ್ಲಿ ಯಾರೋ ನಿಯಮ ಮುರಿದಿದ್ದಾರೆ ಅಂತ ಅರ್ಥ. ಜಗಳ ಬೇಡ. ಆ ಫಂಡಿಗೆ ಹೊಸ ದುಡ್ಡು ನಿಲ್ಲಿಸಿ, ಒಂದು ವರ್ಷ ತುಂಬಿದ ಮೇಲೆ ಮಾರಿ ಇಂಡೆಕ್ಸ್ ಫಂಡಿಗೆ ಸೇರಿಸುವುದು. ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇಕಡಾ 20 ತೆರಿಗೆ ಬೀಳುತ್ತದೆ.